ನಾಲ್ಕು ಇಟ್ಟಿಗೆ, ಒಂಬತ್ತೂವರೆ ಮಿಲಿಮೀಟರ್

ಬಿಸಿಯೂಟದ ಕೋಣೆಗೆ ಹೊಸ ಗೋಡೆ ಎಬ್ಬಿಸಿದಾಗ ಉಳಿದ ಇಟ್ಟಿಗೆಗಳನ್ನು ಮೇಸ್ತ್ರಿ ನಮ್ಮ ಶಾಲೆಯ ಹಿಂಬದಿಯ ಸೂರಿನಡಿ ಪೇರಿಸಿಟ್ಟು ಹೋಗಿದ್ದರು. ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆ ನಮ್ಮದು. ಇಲ್ಲಿ ಗೋಡೆಗೆ ಜಂಬಿಟ್ಟಿಗೆಯೇ ಹೆಚ್ಚು. ಆದರೆ ಒಂದರಂತೆ ಇನ್ನೊಂದಿಲ್ಲದ ಜಂಬಿಟ್ಟಿಗೆಯಲ್ಲಿ ನನಗೆ ಬೇಕಾದ ಲೆಕ್ಕ ಮಾಡಲು ಬರುವುದಿಲ್ಲ, ಎತ್ತಿಡುವಷ್ಟರಲ್ಲಿ ಸೊಂಟವೂ ಉಳಿಯುವುದಿಲ್ಲ. ಸುಟ್ಟ ಇಟ್ಟಿಗೆ ಸಿಕ್ಕಿದ್ದು ಅದೃಷ್ಟ. ಜುಲೈ ತಿಂಗಳ ಮಳೆಯಲ್ಲಿ ಮಕ್ಕಳನ್ನು ಆಟದ ಬಯಲಿಗೆ ಬಿಡುವಂತಿರಲಿಲ್ಲ. ಹತ್ತನೆಯ ತರಗತಿಯವರನ್ನು ಪ್ರಯೋಗಶಾಲೆಯಲ್ಲಿ ಕೂರಿಸಿ ಒಂದು ಪ್ರಶ್ನೆ ಹಾಕಿದೆ: ಮೇಜಿನ ಅಂಚಿನಿಂದ ಹೊರಗೆ ಇಟ್ಟಿಗೆಗಳನ್ನು ಒಂದರ ಮೇಲೊಂದು ಚಾಚುತ್ತಾ ಹೋದರೆ, ಅಂಟಿಲ್ಲದೆ, ಗಾರೆಯಿಲ್ಲದೆ, ಎಷ್ಟು ದೂರ ಹೋಗಬಹುದು? ಎಷ್ಟು ಇಟ್ಟಿಗೆಯಾದರೆ ಎಲ್ಲಕ್ಕಿಂತ ಮೇಲಿನದು ಪೂರ್ತಿಯಾಗಿ ಮೇಜಿನಿಂದ ಆಚೆ ನಿಲ್ಲುತ್ತದೆ?

ಹೆಚ್ಚಿನವರು ಅದು ಆಗುವುದೇ ಇಲ್ಲ ಎಂದರು. ಒಬ್ಬ ನೂರು ಎಂದ.

ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಮಾಡಬೇಕು, ಅದೇ ಇದರ ಗುಟ್ಟು. ನಮ್ಮ ಇಟ್ಟಿಗೆಯ ಉದ್ದ 23 ಸೆಂಟಿಮೀಟರ್, ಅಂದರೆ ಅದರ ದ್ರವ್ಯರಾಶಿ ಕೇಂದ್ರ ತುದಿಯಿಂದ 11.5 ಸೆಂಟಿಮೀಟರ್ ಒಳಗೆ. ಎಲ್ಲಕ್ಕಿಂತ ಮೇಲಿನ ಇಟ್ಟಿಗೆ ತನ್ನ ಕೆಳಗಿನದರಿಂದ ಆಚೆ 11.5 ಸೆಂಟಿಮೀಟರ್ ಚಾಚಬಹುದು. ಅದಕ್ಕಿಂತ ಒಂದು ಕೂದಲೆಳೆ ಮುಂದೆ ಹೋದರೂ ಮಗುಚುತ್ತದೆ. ಈಗ ಈ ಎರಡನ್ನೂ ಒಂದೇ ವಸ್ತುವೆಂದು ತಿಳಿದು ಕೇಳಿ, ಇವೆರಡರ ತೂಕದ ನಡು ಎಲ್ಲಿದೆ? ಮೇಲಿನದರ ನಡು ಸರಿಯಾಗಿ ಎರಡನೆಯದರ ಹೊರ ಅಂಚಿನ ಮೇಲಿದೆ. ಎರಡನೆಯದರ ನಡು ಆ ಅಂಚಿನಿಂದ 11.5 ಒಳಗಿದೆ. ಎರಡೂ ಸಮ ತೂಕದವಾದ್ದರಿಂದ ಒಟ್ಟು ನಡು ಮಧ್ಯದಲ್ಲಿ, ಅಂದರೆ ಅಂಚಿನಿಂದ 5.75 ಒಳಗೆ. ಹಾಗಾಗಿ ಎರಡನೆಯದು ಮೂರನೆಯದರಿಂದ ಆಚೆ 5.75 ಚಾಚಬಹುದು. ಮೂರನೆಯದಕ್ಕೆ ಬಂದಾಗ ಎರಡು ಇಟ್ಟಿಗೆಯ ತೂಕ ಅದರ ಅಂಚಿನ ಮೇಲೆ, ಒಂದು ಇಟ್ಟಿಗೆಯ ತೂಕ 11.5 ಒಳಗೆ. ಮೂರರಿಂದ ಭಾಗಿಸಿದರೆ 3.83. ನಾಲ್ಕನೆಯದಕ್ಕೆ ನಾಲ್ಕರಿಂದ ಭಾಗಿಸಿದರೆ 2.88. ಪ್ರತಿಸಲ ಅದೇ 11.5, ಭಾಗಿಸುವ ಸಂಖ್ಯೆ ಮಾತ್ರ ಒಂದೊಂದೇ ಏರುತ್ತದೆ.

ನಾಲ್ಕನ್ನೂ ಕೂಡಿಸಿ: 23.96. ಇಟ್ಟಿಗೆಯ ಉದ್ದ 23. ಅಂದರೆ ಬರೀ ನಾಲ್ಕು ಇಟ್ಟಿಗೆಯಲ್ಲಿ ಮೇಲಿನದರ ಹಿಂತುದಿಯೂ ಮೇಜನ್ನು ದಾಟಿ ಒಂಬತ್ತೂವರೆ ಮಿಲಿಮೀಟರ್ ಆಚೆ ಇರುತ್ತದೆ. ನೂರು ಎಂದ ಹುಡುಗ ಎದ್ದು ಬಂದು ಕಪ್ಪುಹಲಗೆಯ ಮೇಲಿನ ಕೂಡುವಿಕೆಯನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿದ.

ಕಟ್ಟುವಾಗ ಮಾತ್ರ ಕೆಳಗಿನಿಂದ ಮೇಲಕ್ಕೆ. ಮೊದಲು ಕೆಳಗಿನದನ್ನು ಮೇಜಿನಿಂದ 2.88 ಚಾಚಿ ಇಡುವುದು, ಅದರ ಮೇಲೆ 3.83 ಮುಂದಕ್ಕೆ ಮುಂದಿನದು, ಹೀಗೆ. ನಡುವೆ ಎಲ್ಲೂ ಬೀಳುವುದಿಲ್ಲ, ಏಕೆಂದರೆ ಅತಿ ಹೊರಗೆ ಕೂರುವ ಇಟ್ಟಿಗೆ ಕೊನೆಯದು. ಅದು ಬರುವ ತನಕ ತೂಕದ ನಡು ಒಳಗೇ ಇರುತ್ತದೆ. ಕೊನೆಯದನ್ನು ಇಟ್ಟ ಕ್ಷಣ ಎಲ್ಲ ಸಂದುಗಳೂ ಒಟ್ಟಿಗೇ ಬೀಳುವ ಅಂಚಿಗೆ ಬಂದು ನಿಲ್ಲುತ್ತವೆ. ಅದಕ್ಕೇ ಪ್ರತಿಯೊಂದನ್ನೂ ಎರಡು ಮಿಲಿಮೀಟರ್ ಒಳಕ್ಕೆ ಎಳೆದು, ಕೆಳಗೆ ಗೋಣಿಚೀಲ ಹಾಸಿ, ಮಕ್ಕಳನ್ನು ದೂರ ನಿಲ್ಲಿಸಿ ಇಟ್ಟೆ.

ಮೂರು ಕೂತವು. ನಾಲ್ಕನೆಯದು ಕೈಬಿಟ್ಟ ಕೂಡಲೇ ಮುಂದಕ್ಕೆ ಬಾಗಿ ಗೋಣಿಯ ಮೇಲೆ ಬಿತ್ತು. ಕೆಳಗಿನ ಮೂರೂ ಅಲುಗಲಿಲ್ಲ. ಮೇಜಿನ ಸವೆದ ಅಂಚಿನ ಮೇಲೆ ಮೊದಲು ಗುಮಾನಿ ಬಂತು. ಆದರೆ ಅಂಚಿನ ತಪ್ಪಾಗಿದ್ದರೆ ಇಡೀ ಗುಡ್ಡೆ ಬೀಳಬೇಕಿತ್ತು. ಮೇಲಿನದೊಂದೇ ಬಿದ್ದಿದೆಯೆಂದರೆ ತಪ್ಪು ಮೇಲಿನದರಲ್ಲೇ ಇದೆ. ಎರಡರ ಬದಲು ನಾಲ್ಕು ಮಿಲಿಮೀಟರ್ ಒಳಕ್ಕೆ ಎಳೆದೆ. ಆಗಲೂ ಬಿತ್ತು.

ಬಿದ್ದ ಇಟ್ಟಿಗೆಯನ್ನು ಎತ್ತಿಕೊಂಡು ಬಂದ ಹುಡುಗಿ ಹೇಳಿದಳು, "ಸರ್, ಇದರ ಒಂದು ತುದಿ ಕಪ್ಪಗಿದೆ."

ಹೌದು, ಕಪ್ಪಗಿತ್ತು. ಪೇರಿಸಿದ ಸಾಲಿನ ಹೊರಬದಿಯ ಇಟ್ಟಿಗೆ ಅದು. ಹಿಂದಿನ ಅರ್ಧ ಪ್ಲಾಸ್ಟಿಕ್ ಹಾಳೆಯಡಿ, ಮುಂದಿನ ಅರ್ಧ ಸೂರಿನ ಹನಿಯಡಿ. ಅಡುಗೆಕೋಣೆಯ ತೂಕದ ಯಂತ್ರದಲ್ಲಿಟ್ಟೆವು. ಒಣ ಇಟ್ಟಿಗೆ 3 ಕಿಲೋ, ಇದು 3.3. ಹೆಚ್ಚುವರಿ 300 ಗ್ರಾಂ ನೀರು ಬರೀ ಒಂದು ಅರ್ಧದಲ್ಲಿ ಕೂತಿದೆ. ಆ ನೀರಿನ ನಡು ಇಟ್ಟಿಗೆಯ ನಡುವಿನಿಂದ 57.5 ಮಿಲಿಮೀಟರ್ ದೂರ. ಇಡೀ ತೂಕದ ಹನ್ನೊಂದನೇ ಒಂದು ಪಾಲು ಅಲ್ಲಿರುವುದರಿಂದ ಒಟ್ಟು ನಡು 57.5ರ ಹನ್ನೊಂದನೇ ಒಂದರಷ್ಟು, ಸುಮಾರು 5.2 ಮಿಲಿಮೀಟರ್, ಒದ್ದೆ ತುದಿಯ ಕಡೆ ಸರಿದಿದೆ. ನಾನು ಬಿಟ್ಟ ಅವಕಾಶ ನಾಲ್ಕು. ಬೀಳದೆ ಏನಾದೀತು?

ಕಣ್ಣಿಗೆ ಕಾಣುವ ಕಪ್ಪನ್ನು ನಂಬದೆ ಇದನ್ನು ಪತ್ತೆ ಮಾಡುವ ಸುಲಭದ ದಾರಿಯಿದೆ. ಚೂಪು ಅಂಚಿನ ಕಡಪ ಕಲ್ಲಿನ ತುಂಡೊಂದನ್ನು ಮೇಜಿನ ಮೇಲಿಟ್ಟು, ಇಟ್ಟಿಗೆಯನ್ನು ಮೆಲ್ಲಗೆ ಅದರಾಚೆ ತಳ್ಳಬೇಕು. ಬಾಗಲು ಶುರುವಾದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯಬೇಕು. ಆಮೇಲೆ ಇಟ್ಟಿಗೆಯ ತುದಿ ತಿರುಗಿಸಿ ಇನ್ನೊಮ್ಮೆ. ಎರಡು ಗೆರೆ ಒಂದೇ ಕಡೆ ಬಿದ್ದರೆ ನಡು ಅಲ್ಲೇ ಇದೆ, ಅದು ಉದ್ದದ ಅರ್ಧದಲ್ಲಿದೆಯೇ ಎಂದು ಅಳೆದರೆ ಮುಗಿಯಿತು. ನಮ್ಮ ಒದ್ದೆ ಇಟ್ಟಿಗೆಯ ಗೆರೆ ಒಂದು ತುದಿಯಿಂದ 11 ಸೆಂಟಿಮೀಟರಿನಲ್ಲಿ, ಇನ್ನೊಂದರಿಂದ 12ರಲ್ಲಿ ಬಿತ್ತು.

ಅಷ್ಟರಲ್ಲಿ ಅದೇ ಹುಡುಗಿ ಒದ್ದೆ ತುದಿಯನ್ನು ಒಳಕ್ಕೆ ತಿರುಗಿಸಿ ಇಟ್ಟಳು. 11.5 ಅಲ್ಲ, 11.8 ಚಾಚಿದರೂ ನಿಂತಿತು! ಜಾಣತನವೇ, ಆದರೆ ಒಂದೇ ಬಗೆಯ ಇಟ್ಟಿಗೆ ಎಂಬ ನಿಯಮಕ್ಕೆ ಅದು ಮೋಸ. ಹನ್ನೆರಡು ಇಟ್ಟಿಗೆಗಳನ್ನು ಅಡುಗೆಯವರ ಒಲೆಯ ಪಕ್ಕ ಒಣಗಲು ಇಟ್ಟೆವು. ಮಲೆನಾಡಿನ ಆಷಾಢದಲ್ಲಿ ಬಟ್ಟೆ ಒಣಗುವುದೇ ಒಂದು ವಾರ, ಇಟ್ಟಿಗೆಗೆ ಮೂರು ದಿನ ಸಾಕಾಗಿದ್ದೇ ಹೆಚ್ಚು.

ಆ ಮೂರು ದಿನದಲ್ಲಿ ನನ್ನ ಅವಕಾಶದ ಲೆಕ್ಕವನ್ನು ಮತ್ತೆ ನೋಡಿದೆ. ಪ್ರತಿ ಇಟ್ಟಿಗೆಯನ್ನೂ ಸಮನಾಗಿ ಮೂರು ಮಿಲಿಮೀಟರ್ ಒಳಕ್ಕೆ ಎಳೆದರೆ ಪ್ರತಿ ಸಂದಿಗೂ ಮೂರು ಮಿಲಿಮೀಟರ್ ಭದ್ರತೆ ಸಿಗುತ್ತದೆ ಎಂದುಕೊಂಡಿದ್ದೆ. ಅದು ಸರಿಯಲ್ಲ. ಮೇಲಿನ ಸಂದಿಗೆ ಮೂರು ಸಿಗುತ್ತದೆ. ಆದರೆ ಮೇಲಿನದು ಒಳಕ್ಕೆ ಬಂದದ್ದರಿಂದ ಕೆಳಗಿನ ನಡುವೂ ಒಳಕ್ಕೆ ಸರಿದು, ಎರಡನೆಯ ಸಂದಿಗೆ ನಾಲ್ಕೂವರೆ, ಮೂರನೆಯದಕ್ಕೆ ಆರು, ನಾಲ್ಕನೆಯದಕ್ಕೆ ಏಳೂವರೆ ಸಿಗುತ್ತದೆ. ಕೆಳಗೆ ಬೇಡದ ಭದ್ರತೆ, ಮೇಲೆ ಕಡಮೆ. ಒಟ್ಟು ಹನ್ನೆರಡು ಮಿಲಿಮೀಟರ್ ಕಳೆದು ಹೋಗುತ್ತದೆ, ನಮಗೆ ಇದ್ದದ್ದೇ ಒಂಬತ್ತೂವರೆ!

ಎಲ್ಲ ಸಂದಿಗೂ ಸರಿಯಾಗಿ ಮೂರೇ ಬೇಕೆಂದರೆ ಇಟ್ಟಿಗೆಯ ಅರ್ಧ ಉದ್ದ 115 ಅಲ್ಲ, 112 ಮಿಲಿಮೀಟರ್ ಎಂದು ನಟಿಸಿದರೆ ಸಾಕು. ಚಾಚುಗಳು 112, ಅದರ ಅರ್ಧ 56, ಮೂರನೇ ಒಂದು 37.3, ಕಾಲು 28. ಒಟ್ಟು 233.3. ಇಟ್ಟಿಗೆ 230. ಮೂರು ಮಿಲಿಮೀಟರಿನ ಬೆಳಕು ಉಳಿಯುತ್ತದೆ. ಒಣಗಿದ ಇಟ್ಟಿಗೆಯಲ್ಲಿ, ಕಡಪ ಕಲ್ಲಿನ ಅಂಚಿನ ಮೇಲೆ, ನಾಲ್ಕನೆಯ ದಿನ ಇಟ್ಟೆವು. ನಿಂತಿತು. ಅಂಚಿಗೆ ತೂಗುಗುಂಡು ಇಳಿಬಿಟ್ಟಾಗ ಮೇಲಿನ ಇಟ್ಟಿಗೆಯ ಹಿಂತುದಿಗೂ ದಾರಕ್ಕೂ ನಡುವೆ ಒಂದು ಪೆನ್ಸಿಲಿನ ಸೀಸದಷ್ಟು ಸಂದು. ಅದನ್ನು ನೋಡಲು ಮುಖ್ಯೋಪಾಧ್ಯಾಯರೂ ಬಂದರು, ಬಾಗಿಲು ಜೋರಾಗಿ ಹಾಕಿದರು, ಆದರೂ ಬೀಳಲಿಲ್ಲ. ಐದನೆಯ ಇಟ್ಟಿಗೆಯನ್ನು ತಳಕ್ಕೆ ಸೇರಿಸಿದರೆ ಇನ್ನೂ 22 ಮಿಲಿಮೀಟರ್ ಸಿಗುತ್ತದೆ. ಮೊದಲ ಸಲ ಮಾಡುವವರು ಐದರಿಂದಲೇ ಶುರುಮಾಡುವುದು ಒಳ್ಳೆಯದು.

ಕೊನೆಯಿಲ್ಲವೇ ಇದಕ್ಕೆ ಎಂದು ಕೇಳಿದರು ಮಕ್ಕಳು. ಲೆಕ್ಕದಲ್ಲಿ ಇಲ್ಲ. ಅರ್ಧ, ಕಾಲು, ಆರನೇ ಒಂದು ಎಂದು ಕೂಡುತ್ತಾ ಹೋದರೆ ಮೊತ್ತ ಎಷ್ಟು ಬೇಕಾದರೂ ಬೆಳೆಯುತ್ತದೆ. ಆದರೆ ಎಂಥ ಆಮೆ ನಡಿಗೆ! ಎರಡು ಇಟ್ಟಿಗೆಯುದ್ದ ಚಾಚಲು 31 ಇಟ್ಟಿಗೆ, ಮೂರು ಉದ್ದಕ್ಕೆ 227. ಒಂದೊಂದು ಏಳೂವರೆ ಸೆಂಟಿಮೀಟರ್ ದಪ್ಪವಿದ್ದರೆ 227ರ ಗುಡ್ಡೆ 17 ಮೀಟರ್, ನಮ್ಮ ತೋಟದ ಹಳೆಯ ಅಡಿಕೆ ಮರದಷ್ಟು ಎತ್ತರ. ತೂಕ ಏಳು ಕ್ವಿಂಟಾಲಿಗೆ ಹತ್ತಿರ. ಅದರ ತಳದ ಇಟ್ಟಿಗೆಯ ಚಾಚು ಬರೀ ಅರ್ಧ ಮಿಲಿಮೀಟರ್, ಇಟ್ಟಿಗೆಗೆ ಅಂಟಿದ ಮರಳಿನ ಕಾಳು ಅದಕ್ಕಿಂತ ದೊಡ್ಡದಿರುತ್ತದೆ.

ಒಂದು ಮಟ್ಟಕ್ಕೆ ಒಂದೇ ಇಟ್ಟಿಗೆ ಎಂಬ ನಿಯಮ ಬಿಟ್ಟರೆ ಇನ್ನೂ ಮುಂದೆ ಹೋಗಬಹುದು. ಮೈಕ್ ಪ್ಯಾಟರ್ಸನ್ ಮತ್ತು ಉರಿ ಜ್ವಿಕ್ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲವನ್ನು ಹಿಂದೆ ಭಾರವಾಗಿ ಕೂರಿಸಿದರೆ ಚಾಚು ಇಟ್ಟಿಗೆಗಳ ಸಂಖ್ಯೆಯ ಘನಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ ಎಂದು ತೋರಿಸಿದರು. ನಾನು ಮೂರು ಇಟ್ಟಿಗೆಯಲ್ಲಿ ಪ್ರಯತ್ನಿಸಿದೆ. ಕೆಳಗಿನದು ಅರ್ಧ ಹೊರಗೆ. ಅದರ ಎರಡು ತುದಿಗಳ ಮೇಲೆ ಒಂದೊಂದು, ತಕ್ಕಡಿಯಂತೆ. ಒಟ್ಟು ಚಾಚು ಪೂರ್ತಿ 23, ಸಾಲಾಗಿ ಪೇರಿಸಿದರೆ ಮೂರಕ್ಕೆ 21 ಮಾತ್ರ. ಆದರೆ ಮೇಲಿನ ಎರಡೂ ಮೂಗಿಗೆ ಮೂಗು ತಾಗಿ ಕೂರುತ್ತವೆ, ಅವನ್ನು ಒಳಕ್ಕೆ ಎಳೆಯಲು ಒಂದು ಮಿಲಿಮೀಟರ್ ಜಾಗವೂ ಇಲ್ಲ. ಎರಡು ದಿನ ಬೀಳಿಸಿದೆ.

ಇದನ್ನು ನೋಡುತ್ತಿದ್ದ ಮೇಸ್ತ್ರಿ, ಬಾಕಿ ಹಣಕ್ಕೆಂದು ಬಂದಿದ್ದವರು, "ಹಿಂದಿನದನ್ನು ಅಡ್ಡ ತಿರುಗಿಸಿ ಮೇಷ್ಟ್ರೇ, ಜಾಗ ತಾನೇ ಆಗುತ್ತದೆ" ಎಂದರು. ಅಡ್ಡ ಇಟ್ಟರೆ ಅದು ಉದ್ದಕ್ಕೆ ಹಿಡಿಯುವ ಜಾಗ 23ರ ಬದಲು 11. ಆಗ ಎರಡನ್ನೂ ಮೂರು ಮೂರು ಮಿಲಿಮೀಟರ್ ಒಳಕ್ಕೆ ತರಬಹುದು. ಕೆಳಗಿನದು 112 ಚಾಚಿ, ಮೊದಲು ಹಿಂದಿನ ಅಡ್ಡ ಇಟ್ಟಿಗೆ, ಆಮೇಲೆ ಮುಂದಿನದು. ಕ್ರಮ ತಪ್ಪಿದರೆ ಇಡುವ ಮೊದಲೇ ಬೀಳುತ್ತದೆ. ಎಲ್ಲ ಸಂದಿಗೂ ಮೂರು ಮಿಲಿಮೀಟರ್ ಭದ್ರತೆ ಇಟ್ಟುಕೊಂಡೂ 22.4 ಸೆಂಟಿಮೀಟರ್ ಬಂತು. ಅದೇ ಭದ್ರತೆಯಲ್ಲಿ ಸಾಲಾಗಿ ಪೇರಿಸಿದ ಮೂರರದ್ದು 20.5. ಮೇಸ್ತ್ರಿ ಅಳತೆಪಟ್ಟಿ ಮಡಿಸಿ ಜೇಬಿಗಿಟ್ಟುಕೊಂಡು, ಬಾಕಿಯ ವಿಷಯಕ್ಕೆ ಬಂದರು.