ಅಯಾನು ಬರೆಯುವಾಗ ಮೊದಲು 4s ಖಾಲಿ ಮಾಡಿ

ಮಡಿಕೇರಿಯಲ್ಲಿ ಪಿಯುಸಿ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಸಂಕ್ರಮಣ ಲೋಹಗಳ ಅಯಾನು ಬಂತೆಂದರೆ ಅರ್ಧ ಮಕ್ಕಳು ಒಂದೇ ಜಾಗದಲ್ಲಿ ಎಡವುತ್ತಾರೆ.

ಮೊದಲ ಹೆಜ್ಜೆ ಸುಲಭ. ಲೋಹದ ಪರಮಾಣುವಿನ ಎಲೆಕ್ಟ್ರಾನ್ ವಿನ್ಯಾಸ ಬರೆಯಿರಿ. ಕಬ್ಬಿಣವಾದರೆ [Ar] 3d⁶ 4s².

ಎರಡನೆಯದರಲ್ಲೇ ಎಡವಟ್ಟು. Fe²⁺ ಬೇಕು ಅಂದರೆ ಮಕ್ಕಳು 3d⁴ 4s² ಬರೆಯುತ್ತಾರೆ. 4s ಮೊದಲು ತುಂಬಿತು, 3d ಆಮೇಲೆ ತುಂಬಿತು, ಹಾಗಾಗಿ ಕೊನೆಗೆ ಬಂದದ್ದೇ ಮೊದಲು ಹೋಗಬೇಕು ಎಂಬ ಲೆಕ್ಕ. ನನ್ನ ಹತ್ತಿರ ಇರುವ ಒಂದು ಗೈಡ್‌ನಲ್ಲೂ ಹೀಗೇ ಅಚ್ಚಾಗಿದೆ! ನಿಜ ಏನೆಂದರೆ, 3dಗೆ ಎಲೆಕ್ಟ್ರಾನ್ ಸೇರಿದ ಮೇಲೆ ಅದು ಬೀಜದ ಹತ್ತಿರಕ್ಕೆ ಕುಗ್ಗುತ್ತದೆ. 4s ಹೊರಗೆ ಉಳಿಯುತ್ತದೆ. ಹೊರಗಿನದ್ದೇ ಮೊದಲು ಹೋಗುತ್ತದೆ. ಆದ್ದರಿಂದ Fe²⁺ ಎಂದರೆ [Ar] 3d⁶. ಇನ್ನೊಂದು ತೆಗೆದರೆ Fe³⁺, ಅಂದರೆ 3d⁵. ಬಾಣ ಹಾಕಿದ ಆ ಓರೆ ಚಾರ್ಟ್ ತುಂಬುವುದಕ್ಕೆ ಮಾತ್ರ. ತೆಗೆಯುವಾಗ ಅದನ್ನು ಮುಚ್ಚಿಡಿ.

ಇನ್ನು ಅಪವಾದಗಳು. ಕ್ರೋಮಿಯಂ 3d⁴ 4s² ಅಲ್ಲ, 3d⁵ 4s¹. ತಾಮ್ರ 3d⁹ 4s² ಅಲ್ಲ, 3d¹⁰ 4s¹. ಅರ್ಧ ತುಂಬಿದ್ದು ಸ್ಥಿರ ಅಂತ ಉರು ಹೊಡೆದರೆ ಸಾಲದು. 3dಯಲ್ಲಿ ಒಂದೇ ಸ್ಪಿನ್‌ನ ನಾಲ್ಕು ಎಲೆಕ್ಟ್ರಾನ್ ಇದ್ದರೆ ಅವುಗಳಲ್ಲಿ ಆರು ಜೋಡಿ ಎಣಿಸಬಹುದು. ಐದಾದರೆ ಹತ್ತು ಜೋಡಿ. ಇಂಥ ಪ್ರತಿ ಜೋಡಿಯಿಂದಲೂ ಶಕ್ತಿ ಸ್ವಲ್ಪ ಇಳಿಯುತ್ತದೆ. ಇದಕ್ಕೆ ವಿನಿಮಯ ಶಕ್ತಿ ಅನ್ನುತ್ತಾರೆ. ಜೊತೆಗೆ 4sನಲ್ಲಿ ಇಬ್ಬರು ಒತ್ತಿಕೊಂಡಿರುವ ವಿಕರ್ಷಣೆಯೂ ತಪ್ಪುತ್ತದೆ.

ಈ ಅಪವಾದ ಕಲಿತ ಮೇಲೆ ಹೊಸ ತಪ್ಪು ಶುರು. Cr²⁺ ಕೇಳಿದರೆ ಒಬ್ಬ ಹುಡುಗ 3d⁵ ಬರೆದ. "ಅರ್ಧ ತುಂಬಬೇಕಲ್ವಾ ಸಾರ್?" ಎಂದ. ಎಣಿಸಿ ನೋಡು ಎಂದೆ. ಕ್ರೋಮಿಯಂಗೆ 24 ಎಲೆಕ್ಟ್ರಾನ್, ಎರಡು ಹೋದರೆ 22. ಆರ್ಗಾನ್ ಒಳಗೆ 18, ಉಳಿದದ್ದು ನಾಲ್ಕು. 3d⁴ ಅಷ್ಟೇ. 4s ಖಾಲಿ ಆದಮೇಲೆ ಐದನೆಯದನ್ನು ಎಲ್ಲಿಂದ ತರುತ್ತೀರಿ? ಈ ಎಣಿಕೆಯನ್ನು ಪ್ರತಿ ಸಲ ಮಾಡಿ. ಶಾರ್ಟ್‌ಕಟ್ ಬೇಕಾದರೆ ಇದೊಂದೇ ನನಗೆ ಒಪ್ಪಿಗೆ: ಮೊದಲ ಸಾಲಿನ ಈ ಲೋಹಗಳ 2+ ಅಥವಾ ಅದಕ್ಕಿಂತ ಹೆಚ್ಚಿನ ಅಯಾನುಗಳಲ್ಲಿ ಆರ್ಗಾನ್ ಆಚೆ ಉಳಿದದ್ದೆಲ್ಲ 3dಗೆ.

ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಬೋರ್ಡೊ ದ್ರಾವಣಕ್ಕೆ ಮೈಲುತುತ್ತ ಕರಗಿಸುವುದನ್ನು ನೋಡಿದ್ದೀರಲ್ಲ? ಆ ನೀಲಿ Cu²⁺, 3d⁹ನದು. ಒಂದು ಜಾಗ ಖಾಲಿ ಇರುವುದರಿಂದ dಯೊಳಗೇ ಎಲೆಕ್ಟ್ರಾನ್ ಜಿಗಿಯಬಲ್ಲದು. ಪಕ್ಕದ ಬಕೆಟ್ಟಿನಲ್ಲಿ ಜಿಂಕ್ ಸಲ್ಫೇಟ್ ಕರಗಿಸಿ: Zn²⁺ 3d¹⁰, ಜಾಗವಿಲ್ಲ, ಬಣ್ಣವೂ ಇಲ್ಲ.

ಕ್ರೋಮಿಯಂನ ಅರ್ಧ ತುಂಬುವ ಅಪವಾದವನ್ನು ಕೆಳಗಿನ ಸಾಲುಗಳಿಗೆ ಸುಮ್ನೆ ಎಳೆಯಬೇಡಿ. ಕ್ರೋಮಿಯಂ ಗುಂಪಿನಲ್ಲೇ ಇರುವ ಟಂಗ್‌ಸ್ಟನ್ 5d⁴ 6s² ಆಗಿಯೇ ಉಳಿದಿದೆ.