ಲೇಖನದ ಮೊದಲ ಪ್ರಸಂಗವನ್ನು ತಿದ್ದುವುದು ಹೇಗೆ?

ಕೋಲಾರದ ಅಂತರ್ಜಲದ ಬಗ್ಗೆ ಬರೆದ ಸಂಶೋಧನಾ ಲೇಖನ ಎಂದರೆ ಬಿರುಕುಬಿಟ್ಟ ಕೆರೆಯಂಗಳ, ದಂಡೆಯ ಮೇಲೊಬ್ಬ ರೈತ ಇರಲೇಬೇಕು ಎನ್ನುವಂತಾಗಿದೆ. ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ನನಗೆ ಓದಲು ಕೊಟ್ಟ ಕರಡೂ ಹಾಗೇ ಶುರುವಾಗಿತ್ತು:

“ಬಿಸಿಲು ಏರುತ್ತಿತ್ತು. ಅರವತ್ತು ದಾಟಿದ ರೈತರೊಬ್ಬರು ಬತ್ತಿದ ಕೆರೆಯತ್ತ ಕೈ ತೋರಿಸಿ, ‘ಚಿಕ್ಕವರಿದ್ದಾಗ ಇಲ್ಲೇ ಈಜ್ತಿದ್ವಿ ಕಣಮ್ಮ’ ಎಂದರು. ಅವರ ನಾಲ್ಕು ಬೋರ್‌ವೆಲ್‌ಗಳಲ್ಲಿ ಮೂರು ಬತ್ತಿವೆ.”

ಓದಲು ಚೆನ್ನಾಗಿದೆ. ಆದರೆ ಲೇಖನದ ಪ್ರಶ್ನೆ ಕೆರೆಯದ್ದಲ್ಲ. ಹನಿ ನೀರಾವರಿ ಹಾಕಿಸಿದ ಮೇಲೂ ರೈತರು ನೆಲದಿಂದ ಎತ್ತುವ ನೀರು ಯಾಕೆ ಕಡಿಮೆಯಾಗಲಿಲ್ಲ ಎಂಬುದು ಅವರ ಪ್ರಶ್ನೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿಯುತ್ತಿರುವಾಗ, ಬತ್ತಿದ ಕೆರೆಯ ಚಿತ್ರ ಓದುಗರನ್ನು ಬೇರೊಂದು ಚರ್ಚೆಗೇ ಎಳೆದುಕೊಂಡು ಹೋಗುತ್ತದೆ.

ಮೊದಲು, ಮುಚ್ಚಿ ನೋಡಿ. ಪ್ರಸಂಗದ ಮೇಲೆ ಕೈಯಿಟ್ಟು ಎರಡನೇ ಪ್ಯಾರಾದಿಂದ ಓದಿ. ಏನೂ ಕಳೆದುಹೋಗದಿದ್ದರೆ ಪ್ರಸಂಗ ಬರೀ ತೋರಣ. ಈ ಕರಡಿನಲ್ಲಿ ಏನೂ ಕಳೆದುಹೋಗಲಿಲ್ಲ.

ನಂತರ, ಲೇಖನ ಬಿಡಿಸಹೊರಟ ಒಗಟನ್ನು ‘ಆದರೂ’ ಇಟ್ಟು ಒಂದೇ ವಾಕ್ಯದಲ್ಲಿ ಬರೆಯಿರಿ. ಅವರು ಮೊದಲು ಬರೆದದ್ದು: “ಅಂತರ್ಜಲ ಕುಸಿಯುತ್ತಿದೆ, ಆದರೂ ರೈತರು ಬೋರ್ ಕೊರೆಸುತ್ತಲೇ ಇದ್ದಾರೆ.” ಇದರಲ್ಲಿ ‘ಆದರೂ’ ಇದೆ, ಒಗಟಿಲ್ಲ. ನೀರು ಸಾಲದವರು ಬೋರ್ ಕೊರೆಸುತ್ತಾರೆ, ಅದರಲ್ಲಿ ಆಶ್ಚರ್ಯವೇನಿದೆ? ‘ಆದರೂ’ಗೆ ಮುಂಚಿನ ಭಾಗದಲ್ಲಿ ತಿಳಿದವರು ನಿಜವಾಗಿ ಇಟ್ಟುಕೊಂಡಿರುವ ನಿರೀಕ್ಷೆಯೊಂದು ಇರಬೇಕು. ಎರಡನೇ ಪ್ರಯತ್ನ ಹೀಗಿತ್ತು: “ಹನಿ ನೀರಾವರಿಯಲ್ಲಿ ಗಿಡಕ್ಕೆ ಹಾಯಿಸುವ ನೀರು ಕಡಿಮೆ, ಹಾಗಾಗಿ ಮೋಟರ್ ಓಡುವ ಹೊತ್ತೂ ಕಡಿಮೆಯಾಗಬೇಕಿತ್ತು, ಆದರೂ ಆಗಿಲ್ಲ.” ನೀರು ಉಳಿಯುತ್ತದೆ ಎಂಬ ಇದೇ ನಂಬಿಕೆಯಿಂದ ಸರ್ಕಾರ ಡ್ರಿಪ್‌ಗೆ ಸಬ್ಸಿಡಿ ಕೊಡುತ್ತಿದೆ. ಈಗ ಒಗಟು ಸಿಕ್ಕಿತು.

ಮೂರನೆಯದಾಗಿ, ಕ್ಷೇತ್ರಕಾರ್ಯದ ನೋಟ್‌ಬುಕ್ಕಿಗೆ ಮರಳಿ. ಮನ ಕಲಕುವ ಸಾಲನ್ನು ಹುಡುಕಬೇಡಿ, ಆ ನಿರೀಕ್ಷೆ ಮುರಿದುಬೀಳುವ ಸಾಲನ್ನು ಹುಡುಕಿ. ಅದೇ ರೈತರ ಪುಟದಲ್ಲಿ ಅಂಥ ಎರಡು ಸಂಗತಿ ಇದ್ದವು. ಒಂದು, ಮೋಟರಿನ ಸ್ಟಾರ್ಟರ್ ಆಟೋದಲ್ಲಿದೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ತಾನೇ ಶುರುವಾಗಿ, ಹೋದಾಗ ನಿಲ್ಲುತ್ತದೆ. ಇನ್ನೊಂದು, ಡ್ರಿಪ್‌ಗೆ ಮುಂಚೆ ಒಂದು ಎಕರೆ ಇದ್ದ ಟೊಮೆಟೊ ಈಗ ಎರಡು ಎಕರೆ.

ಎರಡನ್ನೂ ಅವರು ಮೊದಲ ಪ್ಯಾರಾಕ್ಕೇ ತುಂಬಿದರು. ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಎರಡು ಎಕರೆಯ ಸಂಗತಿ ಒಗಟಲ್ಲ, ಉತ್ತರದ ಅರ್ಧ: ಉಳಿದ ನೀರು ಪಕ್ಕದ ಎಕರೆಗೆ ಹೋಗಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ಮೋಟರ್ ಆರಿಸಿದರೆ ರೈತರಿಗೆ ಉಳಿಯುವ ದುಡ್ಡೂ ಇಲ್ಲ. ಇವೆಲ್ಲ ವಿಶ್ಲೇಷಣೆಯ ಭಾಗಕ್ಕೆ ಸೇರಿದ ಮಾತು. ಮೊದಲೇ ಹೇಳಿಬಿಟ್ಟರೆ ಓದುಗರಿಗೆ ಮುಂದಿನ ಪುಟ ತಿರುಗಿಸುವ ಕಾರಣ ಇರುವುದಿಲ್ಲ. ಹಾಗಾಗಿ ಮೋಟರ್ ಉಳಿಯಿತು, ಎಕರೆ ಹಿಂದಕ್ಕೆ ಹೋಯಿತು:

“ಸಬ್ಸಿಡಿಯಲ್ಲಿ ಡ್ರಿಪ್ ಹಾಕಿಸಿದ ರೈತರೊಬ್ಬರು ಟೊಮೆಟೊ ಸಾಲಿನ ಪೈಪ್ ಎತ್ತಿ ತೋರಿಸಿ, ‘ಮುಂಚೆ ಹಾಯಿಸ್ತಿದ್ದ ನೀರಲ್ಲಿ ಈಗ ಅರ್ಧಾನೂ ಗಿಡಕ್ಕೆ ಬೇಡ ಕಣಮ್ಮ’ ಎಂದರು. ಹಾಗಾದರೆ ಮೋಟರ್ ಈಗ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿದೆ. ‘ಮುಂಚಿನಷ್ಟೇ. ಕರೆಂಟ್ ಇರೋವಷ್ಟು ಹೊತ್ತು.’”

ಬಿಸಿಲು, ವಯಸ್ಸು, ಕೆರೆಯ ಈಜು ಎಲ್ಲ ಹೋದವು. ನನಗೂ ಆ ಈಜಿನ ಮಾತು ಇಷ್ಟವಾಗಿತ್ತು. ಆದರೆ ಇಲ್ಲಿ ಅದಕ್ಕೆ ಕೆಲಸವಿರಲಿಲ್ಲ.

ಆಮೇಲೆ, ಒಬ್ಬರಿಂದ ಹಲವರ ಕಡೆಗೆ ಸೇತುವೆ ಕಟ್ಟಿ. ಪ್ರಸಂಗ ಮುಗಿದ ಕೂಡಲೇ ಬರುವ ವಾಕ್ಯ, ಮಾತನಾಡಿಸಿದ ಕುಟುಂಬಗಳಲ್ಲಿ ಎಷ್ಟರಲ್ಲಿ ಇದೇ ಕಂಡಿತು ಎಂದು ನಿಮ್ಮದೇ ಅಂಕಿಯಲ್ಲಿ ಹೇಳಬೇಕು. ಹೆಚ್ಚಿನ ಮನೆಗಳಲ್ಲಿ ಮೋಟರ್ ಓಡುವ ಹೊತ್ತು ನಿಜವಾಗಿ ಇಳಿದಿದ್ದರೆ, ಎಷ್ಟೇ ಸೊಗಸಾಗಿರಲಿ, ಈ ಪ್ರಸಂಗವನ್ನು ಬಿಡಬೇಕು. ಇಬ್ಬರು ರೈತರ ಮಾತನ್ನು ಒಬ್ಬರ ಬಾಯಿಗೆ ಹಾಕುವುದು, ಕೇಳದ ಪ್ರಶ್ನೆಯನ್ನು ಕೇಳಿದಂತೆ ಬರೆಯುವುದು ಸಲ್ಲದು. ಹಳ್ಳಿಯ ಹೆಸರು, ಬೋರ್‌ಗಳ ಸಂಖ್ಯೆ, ಬೆಳೆ ಮೂರನ್ನೂ ಕೊಟ್ಟರೆ ಊರಿನವರು ಆ ರೈತರನ್ನು ಗುರುತಿಸಿಬಿಡುತ್ತಾರೆ. ತಾಲ್ಲೂಕಿನ ಹೆಸರು ಸಾಕು.

ಕೊನೆಗೆ, ವಿಷಯ ಗೊತ್ತಿಲ್ಲದವರಿಗೆ ಆ ಪ್ಯಾರಾ ಒಂದನ್ನೇ ಓದಿಸಿ, ಮುಂದೆ ಲೇಖನ ಏನು ಕೇಳಬಹುದು ಎಂದು ವಿಚಾರಿಸಿ. ಆ ವಿದ್ಯಾರ್ಥಿನಿ ಎರಡೂ ಕರಡನ್ನು ಮನೆಯಲ್ಲಿ ತಮ್ಮ ಅಕ್ಕನಿಗೆ ಓದಿ ಹೇಳಿದರಂತೆ. ಮೊದಲನೆಯದಕ್ಕೆ ಅಕ್ಕ, “ಕೆರೆ ಹೂಳೆತ್ತೋದರ ಬಗ್ಗೆನಾ?” ಎಂದರಂತೆ. ಎರಡನೆಯದಕ್ಕೆ, “ಅಲ್ಲ ಕಣೇ, ಹಂಗಾದ್ರೆ ಉಳಿದ ನೀರು ಎಲ್ಲಿಗೆ ಹೋಯ್ತು?”