ಸರಾಸರಿ ನಂಬುವ ಮೊದಲು ಚುಕ್ಕೆ ಇಟ್ಟು ನೋಡಿ

ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ 0.82 ಬಂದ ಕೂಡಲೇ ವರದಿ ಬರೆಯಲು ಕೂರುವವರಿಗೆ ಒಂದು ಸಲಹೆ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪಟ್ಟಿಗಳನ್ನು ಒಮ್ಮೆ ನೋಡಿ. ಪ್ರತಿಯೊಂದರಲ್ಲೂ 11 ಜೋಡಿ ಅಂಕಿಗಳಿವೆ. ನಾಲ್ಕರಲ್ಲೂ x ಸರಾಸರಿ 9, y ಸರಾಸರಿ 7.5, ಸಹಸಂಬಂಧ ಸುಮಾರು 0.82.

ನಕ್ಷೆಯಲ್ಲಿ ಮೊದಲನೆಯದು ಸರಳರೇಖೆಯ ಸುತ್ತ ಚದುರಿದ ಸಾಧಾರಣ ಚುಕ್ಕೆಗಳು. ಎರಡನೆಯದು ಕಮಾನು. ಮೂರನೆಯದರಲ್ಲಿ ಹತ್ತು ಚುಕ್ಕೆಗಳು ದಾರಕ್ಕೆ ಪೋಣಿಸಿದಂತಿವೆ, ಒಂದು ಮಾತ್ರ ಮೇಲಕ್ಕೆ ಹಾರಿದೆ.

ನಾಲ್ಕನೆಯದೇ ನಿಜವಾದ ಕಿಲಾಡಿ. ಹತ್ತು ಚುಕ್ಕೆಗಳ x ಬೆಲೆ 8, ಒಂದರದು 19. ಸಹಸಂಬಂಧ ಕಟ್ಟುವುದು ಸರಾಸರಿಯಿಂದಾದ ವಿಚಲನೆಗಳ ಗುಣಲಬ್ಧಗಳನ್ನು ಕೂಡಿಸಿ. ಆ ಒಂಟಿ ಚುಕ್ಕೆಯ y 12.5, ಗುಣಲಬ್ಧ 10 × 5, ಅಂದರೆ 50. ಒಟ್ಟು ಮೊತ್ತವೇ ಸುಮಾರು 55! ಅದನ್ನು ಅಳಿಸಿದರೆ ಉಳಿದ x ಬೆಲೆಗಳೆಲ್ಲ ಒಂದೇ, 8. ಆಗ ಸಹಸಂಬಂಧ ಕೇಳಿದರೆ ಎಕ್ಸೆಲ್ `#DIV/0!` ಎನ್ನುತ್ತದೆ.

ಆರ್ ತಂತ್ರಾಂಶದಲ್ಲಿ ಈ ಪಟ್ಟಿಗಳು ಮೊದಲೇ ಇವೆ:

```
plot(anscombe$x4, anscombe$y4)
```

ನಿಮ್ಮ ದತ್ತಾಂಶದಲ್ಲೂ ದೂರದ ಚುಕ್ಕೆಯೊಂದನ್ನು ತೆಗೆದು ಮತ್ತೆ ಲೆಕ್ಕ ಹಾಕಿ. ಉತ್ತರ ಕುಸಿದರೆ, ಅದು ನಮೂದಿಸುವಾಗಿನ ತಪ್ಪೋ ನಿಜವಾದ ಅಳತೆಯೋ ಎಂದು ಮೂಲ ದಾಖಲೆಯಲ್ಲಿ ಪರಿಶೀಲಿಸಿ.